ಅತ್ತೆಮ್ಮ ಕಾಯ್ದ ನಾಲ್ಕನೆಯ ಕಲಮು

ನಮ್ಮತ್ತೆ ನೀಲಾಂಬಿಕೆಯನ್ನು ನಾನು ಮೊದಲು ನೋಡಿದ್ದು ಅತ್ತೆಯಾಗಿ ಅಲ್ಲ. ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯ ಮಹಿಳಾ ಸಮಾಜದ ಬಾಗಿಲಲ್ಲಿ, ಕೈಯಲ್ಲಿ ಬಿಸಿನೀರಿನ ಚೆಂಬು ಹಿಡಿದುಕೊಂಡು ನಿಂತ ಹೆಂಗಸಾಗಿ. ಐವತ್ನಾಲ್ಕನೆಯ ಇಸವಿ ಇರಬೇಕು. ನನ್ನ ಎಡ ತೋಳಿನ ಮೇಲೆ ಒಂದು ಮಚ್ಚೆ ಎದ್ದಿತ್ತು. ಬಿಳಿಚಿದ ಬಣ್ಣ, ಚಿವುಟಿದರೂ ನೋವಿಲ್ಲ. ಅದು ಏನೆಂದು ಅಪ್ಪನಿಗೆ ಗೊತ್ತಿತ್ತು, ಬಾಯಿಬಿಟ್ಟು ಹೇಳಲಿಲ್ಲ. ನಮ್ಮೂರು ಪಿರಿಯಾಪಟ್ಟಣದ ಕಡೆ. ಆ ರೋಗ ಬಂದವರನ್ನು ಊರಾಚೆ ಗುಡಿಸಲು ಹಾಕಿ ಇರಿಸಿದ್ದನ್ನು ಕಂಡಿದ್ದೆವು. ತಟ್ಟೆ ಬೇರೆ, ಬಾವಿ ಬೇರೆ.

ಮೈಸೂರಿನ ಒಂದು ವೈದ್ಯ ಧರ್ಮಸಂಸ್ಥೆಯವರು ಆಗ ಸಮಾಜದವರ ಜೊತೆ ಒಪ್ಪಂದ ಮಾಡಿಕೊಂಡಿದ್ದರು. ತಿಳುವಳಿಕೆ ಪತ್ರ ಅಂತ ಅದರ ಹೆಸರು. ಹೊಸದಾಗಿ ಬಂದವರಿಗೆಲ್ಲ ಸಮಾಜದ ಕಾರ್ಯದರ್ಶಿ ಸುಂದ್ರಮ್ಮ ಅದನ್ನು ಓದಿ ಹೇಳಲೇಬೇಕು, ಡಾಕ್ಟರ ಹಟ ಅದು. ಮಂಡಿಯ ಮೇಲೆ ಕಾಗದ ಇಟ್ಟುಕೊಂಡು ಆಕೆ ಓದಿದಳು. ಹೆಂಗಸರ, ಮಕ್ಕಳ ಮಚ್ಚೆರೋಗವನ್ನು, ಅಂದರೆ ಕುಷ್ಠವನ್ನು, ಶುರುವಿನಲ್ಲೇ ಹಿಡಿದು, ಅವರವರ ಮನೆಯಲ್ಲಿ ಇಟ್ಟುಕೊಂಡೇ ವಾಸಿ ಮಾಡುವುದು ಇದರ ಉದ್ದೇಶ. ಡಾಕ್ಟರು, ಮಾತ್ರೆ, ತಪಾಸಣೆ ಸಂಸ್ಥೆಯದು. ಕೋಣೆ, ನೀರು, ಜನರನ್ನು ಕರೆತರುವುದು ಸಮಾಜದ್ದು. ಅವಧಿ ಮೂರು ವರ್ಷ, ಇಬ್ಬರೂ ಬರೆದು ಒಪ್ಪಿದರೆ ಮುಂದಕ್ಕೆ. ನಾಲ್ಕನೆಯದು ಗುಟ್ಟಿನ ಕಲಮು: ಬಂದವರ ಹೆಸರು, ಊರು, ಕಾಯಿಲೆ ಯಾರಿಗೂ ಹೇಳಕೂಡದು, ಅದನ್ನು ತಿಳಿದು ಬೇರೆ ಕೆಲಸಕ್ಕೆ ಬಳಸಕೂಡದು, ಒಪ್ಪಂದ ಮುಗಿದ ಮೇಲೂ ಇದು ಮುಗಿಯದು. ಕೊನೆಯದು ಬಿಡುವ ಕಲಮು: ಯಾರೇ ಬಿಟ್ಟುಹೋಗಲಿ, ಮೂರು ತಿಂಗಳು ಮುಂಚೆ ಬರೆದು ತಿಳಿಸಬೇಕು, ತಾವು ತಂದದ್ದನ್ನು ತಾವು ಒಯ್ಯಬೇಕು, ಮದ್ದು ನುಂಗುತ್ತಿರುವವರನ್ನು ನಡುನೀರಿನಲ್ಲಿ ಬಿಡಕೂಡದು.

"ಇದ್ಕೆ ಕೋರ್ಟು ಕಚೇರಿ ಉಂಟಾ? ತಪ್ಪಿದ್ರೆ ಯಾರು ಕೇಳೋರು?" ಅಂದರು ಅಪ್ಪ.

"ಇದು ಕೋರ್ಟಿಗೆ ಹೋಗೋ ಪತ್ರ ಅಲ್ಲ ಕಣಣ್ಣ," ಅಂದಳು ನೀಲಾಂಬಿಕೆ. "ನಮ್ಮ ಮನಸು, ಅವರ ಮನಸು. ಇನ್ನೇನಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಕಣ್ಣು ಮುಚ್ಚು ಮಗಾ. ಡಾಕ್ಟ್ರು ಗರಿ ಮುಟ್ಟಿಸ್ತಾರೆ. ಎಲ್ಲಿ ಗೊತ್ತಾಯ್ತದೋ ಅಲ್ಲಿ ಬೆರಳಿಡು" ಅಂದಳು.

ಮಚ್ಚೆಯ ಮೇಲೆ ಗರಿ ಆಡಿದ್ದು ನನಗೆ ಗೊತ್ತೇ ಆಗಲಿಲ್ಲ. ಕಣ್ಣು ಬಿಟ್ಟಾಗ ಅವಳ ಕೈ ನನ್ನ ಅದೇ ತೋಳಿನ ಮೇಲಿತ್ತು. ಅವಳು ಅದನ್ನು ತೆಗೆಯಲಿಲ್ಲ.

ಆ ಕೋಣೆಯ ಮುಂದಿನ ಪಡಸಾಲೆಯಲ್ಲಿ ಹೊಲಿಗೆ ಕ್ಲಾಸು ನಡೆಯುತ್ತಿತ್ತು. ನಾವು ಹೋಗುವವರೆಲ್ಲ ಬಗಲಲ್ಲಿ ಒಂದು ತುಂಡು ಬಟ್ಟೆ ಇಟ್ಟುಕೊಂಡು ಹೋಗುತ್ತಿದ್ದೆವು. ನೋಡಿದವರಿಗೆ ರವಿಕೆ ಕಲಿಯಲು ಬಂದ ಹುಡುಗಿಯರು. ಒಂದೇ ಹಸಿರು ಚೀಟಿ ಬಟ್ಟೆಯನ್ನು ನಾನು ಎಷ್ಟು ಸಲ ಹೊತ್ತೆನೋ! ಮಾತ್ರೆ ನುಂಗುತ್ತ ನುಂಗುತ್ತ ಮಚ್ಚೆಯ ಅಂಚು ಮಾಸತೊಡಗಿತು.

ಹಾಗಿರುವಾಗ ನನಗೊಂದು ಗಂಡು ಬಂತು. ಕೇಳಿಕೊಂಡು ಬಂದವರು ಯಾರೆಂದು ಅಪ್ಪನಿಗೆ ಸರಿಯಾಗಿ ತಿಳಿದಿರಲಿಲ್ಲ. ಬಳಗದವರೊಬ್ಬರು ಗೊತ್ತು ಮಾಡಿದ್ದು. ಹೆಣ್ಣು ನೋಡುವ ದಿನ ಗಾಡಿ ನಿಂತಿತು. ಮೊದಲು ವೀರಭದ್ರಸ್ವಾಮಿ ಅನ್ನುವ ಯಜಮಾನರು ಇಳಿದರು, ಆಮೇಲೆ ಅವರ ಮಗ ಬೆಟ್ಟಸ್ವಾಮಿ, ಆಮೇಲೆ ಯಜಮಾನರ ತಂಗಿ ಪ್ರೇಮಮ್ಮ. ಕಡೆಗೆ ಸೆರಗು ಸರಿಮಾಡಿಕೊಳ್ಳುತ್ತ ಇಳಿದವಳು ನೀಲಾಂಬಿಕೆ.

ಅಪ್ಪ ಕೈಯಲ್ಲಿದ್ದ ನೀರಿನ ತಂಬಿಗೆಯನ್ನು ಕೊಡದೆ ಜಗಲಿಯ ಮೇಲೇ ಇಟ್ಟುಬಿಟ್ಟರು. ನಾನು ಒಳಗೆ ಗೋಡೆಗೆ ಒರಗಿಕೊಂಡೆ. ಅವಳು ಒಂದು ಮಾತು ಆಡಿದರೆ ಸಾಕು, ಮದುವೆ ಮಾತ್ರ ಅಲ್ಲ, ನಾಳೆಯಿಂದ ನಮ್ಮ ಮನೆಗೆ ಅಗಸರವನೂ ಬರುವುದಿಲ್ಲ.

ನನ್ನನ್ನು ಕರೆದು ಕೂರಿಸಿದರು. ಯಜಮಾನರು ಹೆಂಡತಿಯ ಕಡೆ ತಿರುಗಿದರು. "ಲೇ ಇವಳೇ, ಸಮಾಜ ಸಮಾಜ ಅಂತ ಊರೂರು ತಿರುಗೋಳು ನೀನು. ಈ ಕೂಸ್ನ ಎಲ್ಲಾರ ನೋಡಿದ್ದಾ?"

"ನೋಡಕ್ಕೆ ಅಂತ ಕರ್ಕೊಂಡು ಬಂದೋರು ನೀವು. ನೋಡ್ತಾವ್ನಿ, ಸುಮ್ನಿರಿ" ಅಂದಳು.

ಪ್ರೇಮಮ್ಮ ಬಿಡುವವಳಲ್ಲ. "ಹೊಲಿಗೆ ಕಲ್ತವ್ಳೆ ಅಂತ ಕೇಳ್ದೆ ಕಣತ್ತಿಗೆ. ನಿಮ್ಮ ಕ್ಲಾಸಿಗೇ ಬತ್ತಿದ್ಲೇನೋ?"

ನಾನು ಸೆರಗನ್ನು ಎಡ ತೋಳಿನ ಮೇಲೆ ಎಳೆದುಕೊಂಡೆ.

"ಹೊಲಿಗೆ ಬತ್ತದೋ ಇಲ್ವೋ ನಿನ್ನ ರವಿಕೆ ಕೊಟ್ಟು ನೋಡು. ತೋಳು ಎರಡೂ ಒಂದೇ ಕಡೆ ಹಾಕ್ಕೊಟ್ರೆ ನನ್ನ ಕೇಳ್ಬೇಡ" ಅಂದಳು. ಎಲ್ಲರೂ ನಕ್ಕರು. ಮಾತು ಅಲ್ಲಿಗೆ ಹಾದುಹೋಯಿತು. ಅವಳು ಸುಳ್ಳು ಹೇಳಿರಲಿಲ್ಲ, ನಿಜವನ್ನೂ ಹೇಳಿರಲಿಲ್ಲ.

"ನಿನ್ನ ಮನಸಿಗೆ ಹೆಂಗೆ?" ಅಂತ ಯಜಮಾನರು ಕೇಳಿದರು. ಬೇಡ ಅನ್ನಲು ಅವಳಿಗೆ ಕಾರಣ ಬೇಕಿರಲಿಲ್ಲ. ಮೂಗು ಉದ್ದ, ಜಾತಕ ಕೂಡಲ್ಲ, ಯಾವುದಾದರೂ ಆಗುತ್ತಿತ್ತು. ಮಗ ಒಬ್ಬನೇ. ಆ ತೋಳನ್ನು ತನ್ನ ಕೈಯಾರೆ ಮುಟ್ಟಿದವಳು. ನನ್ನ ಮುಖವನ್ನೊಮ್ಮೆ ನೋಡಿದಳು, ಮೊದಲ ಸಲ ಕಾಣುತ್ತಿರುವ ಹುಡುಗಿಯನ್ನು ನೋಡುವಂತೆ. "ಬಾಳೋನು ಅವನು, ಬಾಳೋಳು ಅವಳು. ಅವರಿಬ್ಬರೇ ಮಾತಾಡ್ಕೊಳ್ಳಲಿ. ಹಿತ್ತಲಿಗೆ ಕಳಿಸಿ" ಅಂದಳು.

ಆ ಕಾಲದಲ್ಲಿ ಹಾಗೆಂದ ತಾಯಿಯನ್ನು ನಾನು ಕಂಡಿರಲಿಲ್ಲ. ಪ್ರೇಮಮ್ಮ ಗಲ್ಲಕ್ಕೆ ಕೈಯಿಟ್ಟಳು.

ಹಿತ್ತಲಿನ ನುಗ್ಗೆಮರದ ಕೆಳಗೆ ನಿಂತಾಗ ನನಗೆ ಅರ್ಥವಾಯಿತು. ಅವಳು ಬಾಯಿಗೆ ಬೀಗ ಹಾಕಿಕೊಂಡು ಬೀಗದ ಕೈಯನ್ನು ನನಗೆ ಕೊಟ್ಟಿದ್ದಳು. ನಾನು ರವಿಕೆಯ ತೋಳು ಮೇಲಕ್ಕೆ ಸರಿಸಿ ಎಲ್ಲವನ್ನೂ ಹೇಳಿದೆ. ಯಾರು ಬಿಸಿನೀರು ಹಿಡಿದು ನಿಂತಿದ್ದರು ಅನ್ನುವುದನ್ನೂ.

ಬೆಟ್ಟಸ್ವಾಮಿ ಬಗ್ಗಿ ಮಚ್ಚೆಯನ್ನು ನೋಡಿದರು. "ನಮ್ಮವ್ವಂಗೆ ಗೊತ್ತಿತ್ತಾ? ಗೊತ್ತಿದ್ದೂ ಗಾಡಿ ಹತ್ತಿದ್ಲಾ?" ಅಂದರು.

ಊರಿಗೆ ಹೋಗಿ ತಾಯಿಯನ್ನು ಕೇಳಿದರಂತೆ. "ನನ್ನ ಕೇಳಬ್ಯಾಡ ಕಣ್ಲಾ. ಆ ಹುಡುಗಿ ಒಪ್ಪಿದ್ರೆ ಅವಳನ್ನೂ ಅವರಪ್ಪನ್ನೂ ಕರ್ಕೊಂಡು ಡಾಕ್ಟ್ರತ್ರ ಓಗು" ಅಂದಳಂತೆ. ನಾನು ಒಪ್ಪಿದೆ. ಡಾಕ್ಟರು ಮೊದಲು ನನ್ನನ್ನೇ ಕೇಳಿದರು, "ಇವರಿಗೆ ಹೇಳಬಹುದಾ ತಾಯಿ?" ನಾನು ತಲೆಯಾಡಿಸಿದ ಮೇಲೆಯೇ ಬಾಯಿಬಿಟ್ಟರು: ಇದು ಹರಡುವ ಬಗೆಯದ್ದಲ್ಲ, ಮದ್ದು ಬಿಡದಿದ್ದರೆ ವಾಸಿಯಾಗುತ್ತದೆ, ಸಂಸಾರಕ್ಕೆ ಅಡ್ಡಿಯಿಲ್ಲ. ಮಾವನವರಿಗೆ ಬೆಟ್ಟಸ್ವಾಮಿಯೇ ಹೇಳಿ, ವಾರಗಟ್ಟಲೆ ಜಗಳವಾಡಿ ಒಪ್ಪಿಸಿದರು. ಅಷ್ಟೂ ದಿನ ಅತ್ತೆ ರಾಗಿ ಕೇರುತ್ತ ಕೂತಿದ್ದಳಂತೆ.

ಮದುವೆಯಾದ ಮೇಲೆ ಸಂಸ್ಥೆಯವರ ನೋಟೀಸು ಬಂತು. ಅವಧಿ ಮುಗಿದ ಮೇಲೆ ಮುಂದುವರಿಸಲು ಆಗುವುದಿಲ್ಲ, ಡಾಕ್ಟರಿಲ್ಲ ಅಂತ. ನನ್ನ ಮದ್ದು ಇನ್ನೂ ಮುಗಿದಿರಲಿಲ್ಲ. ಆದರೆ ಅವರು ಆ ಕೊನೆಯ ಕಲಮಿನ ಅಕ್ಷರ ಅಕ್ಷರವನ್ನೂ ನಡೆಸಿದರು. ಒಬ್ಬೊಬ್ಬರನ್ನೂ ಬೇರೆಯಾಗಿ ಕರೆದು, ನಮ್ಮನ್ನು ಕೇಳಿಯೇ, ಮೈಸೂರಿನ ಆಸ್ಪತ್ರೆಗೆ ಗೊತ್ತು ಮಾಡಿಕೊಟ್ಟರು. ನಮ್ಮ ಹೆಸರುಗಳಿದ್ದ ಕಾಗದಗಳನ್ನು ಡಾಕ್ಟರೇ ಒಯ್ದರು, ಸಮಾಜದಲ್ಲಿ ಒಂದೂ ಉಳಿಯಲಿಲ್ಲ. ಕುರ್ಚಿ ಮೇಜು ಅವರದು ಅವರಿಗೆ, ಹಂಡೆ ನಮ್ಮದು ನಮಗೆ. ನಾನು ವಾಸಿಯಾದೆ. ನನ್ನ ಮಕ್ಕಳನ್ನು ಎತ್ತಿ ಆಡಿಸಿದ್ದು ಅದೇ ತೋಳು.

ಅತ್ತೆಯ ಜೊತೆ ಒಂದೇ ಒಲೆಯ ಮುಂದೆ ನನ್ನ ಕೂದಲು ನೆರೆಯುವ ತನಕ ಇದ್ದೆ. ಜಗಳವಾಡಿದ್ದೇವೆ, ಉಪ್ಪು ಹೆಚ್ಚಾಯಿತೆಂದು ಮೂರು ದಿನ ಮಾತು ಬಿಟ್ಟಿದ್ದೇವೆ. ಎಂಥ ಸಿಟ್ಟಿನಲ್ಲೂ ಅವಳ ಬಾಯಲ್ಲಿ ಆ ತೋಳಿನ ಮಾತು ಬರಲಿಲ್ಲ. ಸಮಾಜದ ಕತೆ ಬರೆದುಕೊಳ್ಳಲು ಮೈಸೂರಿನಿಂದ ಒಬ್ಬ ಹೆಣ್ಣುಮಗಳು ಬಂದು, "ವಾಸಿಯಾದವರು ಯಾರಾದರೂ ಈ ಸುತ್ತಿನಲ್ಲಿ ಇದ್ದಾರಾ ಅಜ್ಜಿ?" ಎಂದು ಕೇಳಿದಾಗ ನಾನು ಮಜ್ಜಿಗೆ ಕೊಡುತ್ತ ಅಲ್ಲೇ ನಿಂತಿದ್ದೆ.

"ಅದ ನಾನು ಯೋಳಂಗಿಲ್ಲ ಕಣವ್ವ" ಅಂದಳು.

ಅವಳು ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ ಕಾಲು ಒತ್ತುತ್ತ ಕೇಳಿದೆ. "ಅತ್ತೆಮ್ಮ, ಅವತ್ತು ಗಾಡಿ ಇಳಿದು ನನ್ನ ಕಂಡಾಗ ನಿಮಗೆ ಏನನ್ನಿಸ್ತು?"

ಸೂರನ್ನು ನೋಡುತ್ತ ಮಲಗಿದ್ದಳು. ನನ್ನ ತೋಳಿನ ಮೇಲೆ ಕೈಯಿಟ್ಟಳು, ಮೊದಲು ಇಟ್ಟ ಜಾಗದಲ್ಲೇ.

"ನಿನ್ನ ಮಾತು ನೀನು ಆಡ್ಬೋದು ಮಗಾ. ನಾನು ಆಡಂಗಿಲ್ಲ."

ಅದಕ್ಕೇ ನಾನು ಆಡಿದ್ದೇನೆ.