ಕನ್ನಡದಲ್ಲಿ ಹೇಳಿದ ಕೆಲಸಗಳು

ನಮ್ಮ ಮ್ಯಾನೇಜರು ಕೆಲಸ ಹಚ್ಚುವಾಗ ಕನ್ನಡ ಮಾತಾಡುತ್ತಿದ್ದರು, ಇಲ್ಲ ಎನ್ನುವಾಗ ಇಂಗ್ಲಿಷು. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆಯಲು ಎರಡು ವರ್ಷ ಹಿಡಿಯಿತು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಅರ್ಧ ಅವರ ಮೇಲೆ, ಅರ್ಧ ನನ್ನ ಮೇಲೆ.

ಹೈದರಾಬಾದಿನ ಹಿಮಾಯತ್‌ನಗರದ ಒಂದು ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ ನಮ್ಮ ಆಫೀಸು. ಆರೋಗ್ಯ ವಿಮೆಯ ಕ್ಲೇಮುಗಳನ್ನು ನೋಡುವ ಕೆಲಸ. ಆಸ್ಪತ್ರೆಯವರು ರೋಗಿಯ ಕಾಗದ ಕಳಿಸುತ್ತಾರೆ, ನಾವು ಪಾಲಿಸಿಗೆ ಹೋಲಿಸಿ ನೋಡಿ ಮಂಜೂರು ಮಾಡಬೇಕು, ಇಲ್ಲವೇ ಏನು ಕಡಿಮೆ ಇದೆ ಎಂದು ತಿರುಗಿ ಕೇಳಬೇಕು. ನಾನು ಅಲ್ಲಿ ಸೀನಿಯರ್ ಎಕ್ಸಿಕ್ಯುಟಿವ್. ನನ್ನ ಪಾಲಿಗೆ ಬಂದ ಫೈಲುಗಳನ್ನು ತಪ್ಪಿಲ್ಲದೆ ಮುಗಿಸುವುದಷ್ಟೇ ನನ್ನ ಹುದ್ದೆಯ ಕೆಲಸ. ಆ ಮಹಡಿಯಲ್ಲಿ ಎಲ್ಲರ ಮಾತು ತೆಲುಗು, ಹಿಂದಿ, ಇಂಗ್ಲಿಷು. ಕನ್ನಡದವರು ನಾವಿಬ್ಬರೇ. ಮ್ಯಾನೇಜರು ಬೀದರ ಕಡೆಯವರು, ನಮ್ಮ ಅಪ್ಪ ಅಮ್ಮ ಕಲಬುರ್ಗಿ ಕಡೆಯವರು. ಸೇರಿದ ದಿನವೇ ಅವರು ನಮ್ಮ ಊರು, ಮನೆತನ ಎಲ್ಲ ವಿಚಾರಿಸಿ ನನ್ನನ್ನು ತಂಗಿ ಎಂದು ಕರೆದರು. ಪರವೂರಿನಲ್ಲಿ ಒಬ್ಬ ಅಣ್ಣ ಸಿಕ್ಕನೆಂದು ನಾನು ಹಿಗ್ಗಿದೆ. ನಾನು ಹುಟ್ಟಿದ್ದೇ ಹೈದರಾಬಾದಿನಲ್ಲಿ, ನನಗೆಲ್ಲಿಯ ಪರವೂರು? ಆದರೂ ಹಿಗ್ಗಿದೆ.

ನಮ್ಮ ಟೀಮ್ ಲೀಡ್ ಕೆಲಸ ಬಿಟ್ಟು ಹೋದಾಗ ಶುರುವಾಯಿತು. ಮ್ಯಾನೇಜರು ನನ್ನ ಮೇಜಿನ ಹತ್ತಿರ ಬಂದು, ದನಿ ತಗ್ಗಿಸಿ, "ತಂಗಿ, ಈ ಡ್ಯೂಟಿ ಪಟ್ಟಿ ಒಂದೀಟು ನೀನ ನೋಡವಾ. ಹೊರಗಿನವರಿಗೆ ಹೇಳಾಕ ಮನಸ್ಸು ಬರೂದಿಲ್ಲ" ಎಂದರು. ಯಾರಿಗೆ ಯಾವ ಪಾಳಿ, ಯಾರಿಗೆ ರಜೆ ಎಂಬ ಪಟ್ಟಿ ಅದು. ಮಾಡಿದೆ. ಮುಂದಿನ ತಿಂಗಳು ಹೊಸದಾಗಿ ಸೇರಿದ ಆರು ಜನರಿಗೆ ಕಲಿಸುವ ಕೆಲಸ ಬಂತು. ಆಮೇಲೆ ಉಳಿದವರ ಫೈಲುಗಳಲ್ಲಿ ತಪ್ಪು ಹಿಡಿಯುವುದು. ಕೊನೆಗೆ, ಆಸ್ಪತ್ರೆಗಳ ವಿಮೆ ಕೌಂಟರಿನವರು ಸಿಟ್ಟಿನಿಂದ ಫೋನು ಮಾಡಿದರೆ ಅವರನ್ನು ಸಮಾಧಾನ ಮಾಡಿ ತಕರಾರು ಬಗೆಹರಿಸುವುದು. ಪ್ರತಿಸಲವೂ ಕನ್ನಡದಲ್ಲೇ, ಪ್ರತಿಸಲವೂ ಮೇಜಿನ ಪಕ್ಕ ನಿಂತು, ಪ್ರತಿಸಲವೂ "ನಮ್ಮವರಂತ ಹೇಳಾಕತ್ತೀನಿ." ಟೀಮ್ ಲೀಡ್ ಕುರ್ಚಿ ಖಾಲಿಯೇ ಇತ್ತು, ಅದರ ಕೆಲಸ ಮಾತ್ರ ನನ್ನ ಮೇಜಿನ ಮೇಲಿತ್ತು.

ಎರಡು ವರ್ಷ ತುಂಬುತ್ತ ಬಂದಾಗ ಬಾಯಿಬಿಟ್ಟು ಕೇಳಿದೆ: ಆ ಹುದ್ದೆಗೆ ನನ್ನ ಹೆಸರು ಕಳಿಸುತ್ತೀರಾ ಎಂದು. ಅವರು ಕುರ್ಚಿಗೆ ಒರಗಿ ಇಂಗ್ಲಿಷಿಗೆ ಇಳಿದರು. ನನ್ನಲ್ಲಿ ನಾಯಕತ್ವದ ಗುಣ ಇನ್ನೂ ಕಾಣಬೇಕಂತೆ. ಇನ್ನೊಂದು ವರ್ಷ ಇದೇ ಹುಮ್ಮಸ್ಸಿನಿಂದ ಕೆಲಸ ಮಾಡಿದರೆ ಖಂಡಿತ ನೋಡೋಣವಂತೆ. ಮೂಗಿಗೆ ತುಪ್ಪ ಸವರುವುದು ಎಂದರೆ ಇದೇ. ಅದೇ ವಾರ ಗೊತ್ತಾಯಿತು, ಸೆಪ್ಟೆಂಬರಿನಲ್ಲಿ ಬಡ್ತಿ ಸಮಿತಿ ಕೂರುವುದರೊಳಗೆ ಒಳಗಿನವರ ಹೆಸರು ಹೋಗದಿದ್ದರೆ ಹೊರಗಿನಿಂದ ಒಬ್ಬರನ್ನು ತರುತ್ತಾರೆಂದು. ಬಂದವರಿಗೆ ಕೆಲಸ ಕಲಿಸುವವರು ಯಾರು? ನಾನೇ! ನನ್ನ ಮೇಲೆ ಕೂರುವವರಿಗೆ ಹೇಗೆ ಕೂರಬೇಕೆಂದು ನಾನೇ ಹೇಳಿಕೊಡಬೇಕು.

ಕೂಕಟ್‌ಪಲ್ಲಿಯ ಮನೆಗೆ ಬಂದು ಅಪ್ಪನ ಮುಂದೆ ಹರಿಹಾಯ್ದೆ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಪೂರ್ತಿ ಕೇಳಿಸಿಕೊಂಡರು, ಒಂದು ಮಾತೂ ಸಮಾಧಾನ ಹೇಳಲಿಲ್ಲ.

"ಅವ್ರು ಹೇಳಿದ್ದಕ್ಕ ಕಾಗದ ಎಲ್ಲೈತಿ?" ಎಂದರು. "ಫೈಲಿನಾಗ ಇಲ್ಲಂದ್ರ ಅದು ನಡದ ಇಲ್ಲ."

ಮರುದಿನ ಮೇಲ್‌ಪೆಟ್ಟಿಗೆ ತೆಗೆದು ಎರಡು ವರ್ಷದ್ದನ್ನು ಹುಡುಕಿದೆ. ಮ್ಯಾನೇಜರು ಉಳಿದವರಿಗೆ ಕೆಲಸ ಹೇಳಿದ ಮೇಲುಗಳು ರಾಶಿ ಇದ್ದವು. ನನಗೆ ಹೇಳಿದ್ದು ಒಂದೂ ಇಲ್ಲ. ಇರುವುದಾದರೂ ಹೇಗೆ? ನಮ್ಮವರೊಳಗೆ ಯಾರು ಮೇಲ್ ಕಳಿಸುತ್ತಾರೆ? ತೆಲುಗಿನವರಾಗಿದ್ದರೆ "ಸರ್, ಒಂದು ಮೇಲ್ ಹಾಕಿ" ಎಂದು ನಿಸ್ಸಂಕೋಚವಾಗಿ ಕೇಳುತ್ತಿದ್ದೆ. ಅಣ್ಣನನ್ನು ಕೇಳುವುದು ಹೇಗೆ ಎಂದು ಸುಮ್ಮನಿದ್ದೆ. ನನ್ನ ದಡ್ಡತನಕ್ಕೆ ನಾನೇ ಹಣೆ ಚಚ್ಚಿಕೊಂಡೆ.

ಸಿಟ್ಟಿನಲ್ಲಿ ಕೂತು ಒಂದು ಪಟ್ಟಿ ಬರೆದೆ. ನಲವತ್ತೆರಡು ಸಾಲು. ಹಬ್ಬದ ದಿನ ಬಂದದ್ದು, ಊಟ ಬಿಟ್ಟು ಫೈಲು ಮುಗಿಸಿದ್ದು, ಎಲ್ಲ ಬಿದ್ದವು ಅದರಲ್ಲಿ. ಪಕ್ಕದ ವಿಭಾಗದಲ್ಲಿ ಒಬ್ಬ ತೆಲುಗು ಅಕ್ಕ ಟೀಮ್ ಲೀಡ್ ಆಗಿದ್ದರು. ಊಟದ ಹೊತ್ತಿಗೆ ಅವರಿಗೆ ತೋರಿಸಿದೆ. ಭೇಷ್ ಎನ್ನುತ್ತಾರೆಂದುಕೊಂಡಿದ್ದೆ. ಅವರು ಪೆನ್ನು ತೆಗೆದು ಒಂದೊಂದೇ ಸಾಲು ಹೊಡೆದುಹಾಕತೊಡಗಿದರು. ಹಬ್ಬದ ದಿನ ಬಂದದ್ದು ಹೋಯಿತು. ಎಲ್ಲರಿಗಿಂತ ಹೆಚ್ಚು ಫೈಲು ಮುಗಿಸಿದ್ದೂ ಹೋಯಿತು. ನನಗೆ ಕಣ್ಣಲ್ಲಿ ನೀರು ಬಂತು, ದುಃಖಕ್ಕಲ್ಲ, ಕೋಪಕ್ಕೆ.

ಅವರು ಶಾಂತವಾಗಿಯೇ ವಿವರಿಸಿದರು. ಹೊಡೆದದ್ದೆಲ್ಲ ನಿನ್ನ ಈಗಿನ ಕೆಲಸ, ನೀನು ಅದನ್ನು ಜಾಸ್ತಿ ಮಾಡಿದ್ದೀಯ ಅಷ್ಟೇ. ಅದಕ್ಕೆ ಒಳ್ಳೆ ರೇಟಿಂಗ್ ಕೊಡುತ್ತಾರೆ, ಹುದ್ದೆ ಕೊಡುವುದಿಲ್ಲ. ಮೇಲಿನ ಹುದ್ದೆಯವರು ಏನು ಮಾಡಬೇಕೆಂದು ಕಂಪನಿಯೇ ಬರೆದಿಟ್ಟಿದೆಯಲ್ಲ, ಮೊದಲು ಎಚ್‌ಆರ್‌ನಿಂದ ಅದನ್ನು ತಗೋ. ಅದರಲ್ಲಿರುವ ಯಾವುದನ್ನು ನೀನು ಈಗಾಗಲೇ ಮಾಡುತ್ತಿದ್ದೀಯ, ಅದರಿಂದ ಏನು ಬದಲಾಯಿತು, ಯಾರು ಸಾಕ್ಷಿ, ಇಷ್ಟನ್ನೇ ಬರೆ. ನಲವತ್ತೆರಡರಲ್ಲಿ ಉಳಿದದ್ದು ನಾಲ್ಕು. ಆ ನಾಲ್ಕೂ ಕನ್ನಡದಲ್ಲಿ ಹೇಳಿದ ಕೆಲಸಗಳೇ.

ಎಚ್‌ಆರ್ ಕಾಗದ ಕೊಟ್ಟಿತು. ಟೀಮ್ ಲೀಡ್‌ನ ಹೊಣೆಗಳು ಐದು. ಐದನೆಯದು ವರ್ಷದ ಮೌಲ್ಯಮಾಪನ ಬರೆಯುವುದು, ಅದನ್ನು ನಾನು ಮಾಡಿರಲಿಲ್ಲ; ಮಾಡಿಲ್ಲ ಎಂದೇ ಬರೆದೆ. ಉಳಿದ ನಾಲ್ಕಕ್ಕೆ ಸಾಕ್ಷಿ ಹುಡುಕಿದೆ. ಡ್ಯೂಟಿ ಪಟ್ಟಿಯನ್ನು ಯಾವ ದಿನ ಯಾರು ತಿದ್ದಿದರೆಂದು ಕಂಪ್ಯೂಟರು ನೆನಪಿಟ್ಟುಕೊಂಡಿತ್ತು. ಇಪ್ಪತ್ತಮೂರು ತಿಂಗಳೂ ನನ್ನ ಹೆಸರು, ಬೇರೆಯವರದು ಒಮ್ಮೆಯೂ ಇಲ್ಲ. ನಾನು ಕಲಿಸಿದ ಆರು ಜನರಲ್ಲಿ ನಾಲ್ವರು ಈಗ ಯಾರ ಸಹಾಯವೂ ಇಲ್ಲದೆ ಫೈಲು ಮುಗಿಸುತ್ತಾರೆ. ಯಾವ ವಾರದಿಂದ ಎಂಬುದನ್ನೂ ಬರೆದೆ. ತಪ್ಪು ಹಿಡಿದು ತಿರುಗಿ ಕಳಿಸಿದ ಫೈಲುಗಳ ಮೇಲೂ ಕಂಪ್ಯೂಟರಿನಲ್ಲಿ ನನ್ನ ಹೆಸರೇ ಇತ್ತು. ಎರಡು ಆಸ್ಪತ್ರೆಯ ಕೌಂಟರಿನವರು ತಕರಾರು ಬಗೆಹರಿದ ಮೇಲೆ ನನಗೇ ಬರೆದ ಮೇಲುಗಳಿದ್ದವು. ರೋಗಿಗಳ ಹೆಸರು, ಕಾಯಿಲೆ ಯಾವುದೂ ನನ್ನ ಕಾಗದದಲ್ಲಿ ಬರದಂತೆ ನೋಡಿಕೊಂಡೆ.

ಅಂದಿನಿಂದ ಇನ್ನೊಂದು ಅಭ್ಯಾಸ ಹಚ್ಚಿಕೊಂಡೆ. ಮ್ಯಾನೇಜರು ಬಂದು ಕನ್ನಡದಲ್ಲಿ ಏನಾದರೂ ಹೇಳಿ ಹೋದ ಕೂಡಲೇ ಅವರಿಗೆ ಎರಡು ಸಾಲಿನ ಮೇಲ್: ನೀವು ಈಗ ಹೇಳಿದಂತೆ ಈ ಕೆಲಸ ಇಂಥ ದಿನಕ್ಕೆ ಮುಗಿಸುತ್ತೇನೆ, ಬೇರೆ ಉದ್ದೇಶವಿದ್ದರೆ ತಿಳಿಸಿ. ನಾಲ್ಕನೆಯ ಮೇಲಿಗೆ ಅವರು ಮೇಜಿನ ಹತ್ತಿರ ಬಂದರು. ಮುಖ ಸಣ್ಣದಾಗಿತ್ತು.

"ನಮ್ಮ ನಮ್ಮೊಳಗ ಮೇಲ್ ಯಾಕ ತಂಗಿ? ಮನಿ ಮಂದಿ ಹಿಂಗ ಬರದಿಡ್ತಾರೇನು?"

ನಿಜ ಹೇಳುತ್ತೇನೆ, ಆ ಗಳಿಗೆ ನನಗೇ ನಾಚಿಕೆಯಾಯಿತು. ನೋಡಿ ಎಂಥ ಅನ್ಯಾಯ! ಎರಡು ವರ್ಷ ಪುಕ್ಕಟೆ ದುಡಿಸಿಕೊಂಡವರಿಗೆ ಇಲ್ಲದ ನಾಚಿಕೆ, ಬರೆದಿಟ್ಟವಳಿಗೆ. ನೆನಪಿಗಿರಲಿ ಅಂತ ಸರ್, ಎಂದಷ್ಟೇ ಹೇಳಿದೆ. ಮೇಲ್ ಬರೆಯುವುದನ್ನು ಬಿಡಲಿಲ್ಲ.

ಆಗಸ್ಟಿನ ಕೊನೆಗೆ ಅರ್ಧ ಗಂಟೆ ಸಮಯ ಕೇಳಿದೆ, ವಿಷಯ ಏನೆಂದು ಮೊದಲೇ ಬರೆದೆ. ಎರಡು ಪುಟದ ಕಾಗದವನ್ನು ಎರಡು ದಿನ ಮುಂಚೆ ಕಳಿಸಿದೆ. ಗಾಜಿನ ಕೋಣೆಯಲ್ಲಿ ಎದುರುಬದುರು ಕೂತೆವು. ಅವರು ಓದಿಕೊಂಡೇ ಬಂದಿದ್ದರು. ಮೊದಲು ಇಂಗ್ಲಿಷಿನಲ್ಲಿ ಹೊಗಳಿದರು: ಬಹಳ ಅಚ್ಚುಕಟ್ಟಾಗಿದೆ, ಸ್ಪಷ್ಟವಾಗಿದೆ. ನಾನು ಥ್ಯಾಂಕ್ಸ್ ಹೇಳಿ, ಈ ಸಲ ನನ್ನ ಹೆಸರು ಸಮಿತಿಗೆ ಕಳಿಸಲು ಇದರಲ್ಲಿ ಏನು ಕಡಿಮೆಯಿದೆ ಹೇಳಿ ಎಂದು ಕೇಳಿದೆ. ನಾಯಕತ್ವ ಎಂಬ ಮಾತು ಈ ಸಲ ಬರಲಿಲ್ಲ. ಅವರು ಪುಟ ಮಗುಚಿದರು, ಮತ್ತೆ ಮೊದಲ ಪುಟಕ್ಕೆ ಬಂದರು. ಬಾಗಿಲ ಕಡೆ ಒಮ್ಮೆ ನೋಡಿ, ಕನ್ನಡಕ್ಕೆ ಹೊರಳಿದರು.

"ಇದನ್ನ ಮ್ಯಾಲ ಕಳಿಸಿದ್ರ, ಹಂಗಾರ ಎರಡು ವರ್ಷ ನೀ ಏನ್ ಮಾಡಾಕತ್ತಿದ್ದಿ ಅಂತ ನನ್ನ ಕೇಳ್ತಾರವಾ."

ಆಗ ನನಗೆ ಎಲ್ಲ ಅರ್ಥವಾಯಿತು. ಆ ನಾಲ್ಕೂ ಕೆಲಸ ತಾವೇ ನೋಡಿಕೊಳ್ಳುತ್ತಿರುವುದಾಗಿ ಅವರು ಮೇಲಿನವರಿಗೆ ಹೇಳಿಕೊಂಡು ಬಂದಿದ್ದರು. ನಾನು ಸಣ್ಣವಳಾಗಿ ಉಳಿದಷ್ಟೂ ಅವರು ದೊಡ್ಡವರು.

"ಹಂಗಾರ ಸೋಮವಾರದಿಂದ ಈ ನಾಲ್ಕೂ ಕೆಲ್ಸ ನೀವ ಮಾಡ್ರಿ ಸರ್," ಎಂದೆ. "ನಾ ನನ್ನ ಹುದ್ದೆ ಕೆಲ್ಸ ಮಾಡ್ತೀನಿ. ಇಲ್ಲಂದ್ರ ನನ್ನ ಹೆಸರು ಕಳಿಸ್ರಿ. ಎರಡರಾಗ ಯಾವುದು ಅಂತ ಹೇಳ್ರಿ."

ಮುಂದಿನ ವಾರದ ಡ್ಯೂಟಿ ಪಟ್ಟಿ ಇನ್ನೂ ಆಗಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಅದನ್ನು ಮಾಡುವುದು ಹೇಗೆಂಬುದು ಅವರಿಗೆ ಗೊತ್ತಿರಲಿಲ್ಲ, ಅದೂ ಇಬ್ಬರಿಗೂ ಗೊತ್ತಿತ್ತು. ಶುಕ್ರವಾರ ಸಂಜೆಯೊಳಗೆ ನನ್ನ ಹೆಸರು ಹೋಯಿತು, ಜೊತೆಗೆ ಆ ಎರಡು ಪುಟವೂ.

ಅಕ್ಟೋಬರಿನಲ್ಲಿ ಬಡ್ತಿಯ ಪತ್ರ ಬಂತು. ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಅಪ್ಪ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದತೊಡಗಿದರು, ಅಮ್ಮ ಅಡಿಗೆಮನೆಯಿಂದ ಬಂದು ನಿಂತಳು. ಎರಡನೆಯ ಪುಟದಲ್ಲಿ ಒಂದು ಸಾಲಿತ್ತು: ಈ ತಿಂಗಳಿನಿಂದ ಕೆಳಗಿನ ಹೊಸ ಜವಾಬ್ದಾರಿಗಳನ್ನು ನಿಮಗೆ ವಹಿಸಲಾಗುತ್ತಿದೆ, ಇವುಗಳನ್ನು ಕಲಿತುಕೊಳ್ಳಲು ನಿಮ್ಮ ಮ್ಯಾನೇಜರು ಆರು ತಿಂಗಳು ಮಾರ್ಗದರ್ಶನ ನೀಡುತ್ತಾರೆ. ಅದರ ಕೆಳಗೆ ಡ್ಯೂಟಿ ಪಟ್ಟಿ, ಹೊಸಬರ ತರಬೇತಿ, ಫೈಲುಗಳ ತಪಾಸಣೆ, ಆಸ್ಪತ್ರೆಗಳ ತಕರಾರು. ಅಪ್ಪ ಓದುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಅವರ ಜೇಬಿನಿಂದ ಪೆನ್ನು ತೆಗೆದುಕೊಂಡು ಸಹಿ ಹಾಕಿದೆ, 'ಹೊಸ' ಎಂಬ ಪದವನ್ನು ಹೊಡೆದುಹಾಕಿದ ಮೇಲೆ.