ಕರು ಹಾಕಿದ್ದಲ್ಲ, ಕಂದು ಹಾಕಿದ್ದು

ನಾನು ಗಂಜಾಂನಲ್ಲಿ ಹುಟ್ಟಿ ಬೆಳೆದವಳು. ಹೊಳೆ, ಗದ್ದೆ ಮನೆಯಿಂದ ಕೂಗಳತೆ ದೂರದಲ್ಲಿದ್ದರೂ ಹಾಲು ಬರುತ್ತಿದ್ದದ್ದು ಪ್ಯಾಕೆಟ್ಟಿನಲ್ಲೇ. ಹಸು ಅಂದರೆ ಸ್ಕೂಟರಿಗೆ ಅಡ್ಡ ನಿಲ್ಲುವ ಪ್ರಾಣಿ ಎಂಬುದಕ್ಕಿಂತ ಹೆಚ್ಚೇನೂ ನನಗೆ ಗೊತ್ತಿರಲಿಲ್ಲ. ಈ ಅಜ್ಞಾನ ಒಬ್ಬ ಹೆಂಗಸಿಗೆ ಎಷ್ಟು ದುಬಾರಿಯಾಯಿತು ಎಂಬುದನ್ನು ಪ್ರತಿ ವರ್ಷ ಮೊದಲ ವರ್ಷದ ವೈದ್ಯಕೀಯ ಮಕ್ಕಳಿಗೆ ಹೇಳುತ್ತೇನೆ. ಹೇಳುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಮಕ್ಕಳು ಕೇಳುವುದು ಒಂದೇ ಪ್ರಶ್ನೆ. "ಮೇಡಂ, ರೋಗಿ ಬಾಯಿ ಬಿಡ್ತಿದ್ದ ಹಾಗೇ ನಿಮಗೆ ರೋಗ ಹೇಗೆ ಗೊತ್ತಾಗಿಬಿಡುತ್ತೆ?" ನನಗೆ ರೇಗುತ್ತದೆ. ಗೊತ್ತಾಗುವುದಿಲ್ಲ ಕಣ್ರೋ. ಗೊತ್ತಾಯಿತು ಎಂದು ಮೊದಲ ನಿಮಿಷದಲ್ಲೇ ಅನ್ನಿಸಿದರೆ ಅವತ್ತು ಹುಷಾರಾಗಿರಬೇಕು.

ನಾನು ಮೊದಲ ವರ್ಷದಲ್ಲಿದ್ದಾಗ ನಮ್ಮ ಕಾಲೇಜು ಪ್ರತಿ ಶನಿವಾರ ಕಿಕ್ಕೇರಿಯಲ್ಲಿ ಒಂದು ಚಿಕಿತ್ಸಾ ಕೇಂದ್ರ ನಡೆಸುತ್ತಿತ್ತು. ನಾವು ನಾಲ್ಕು ಜನ ವಿದ್ಯಾರ್ಥಿಗಳು ವ್ಯಾನಿನ ಹಿಂದೆ, ಮುಂದೆ ನಮ್ಮ ಮೇಷ್ಟ್ರು. ಪಾಂಡವಪುರ ದಾಟಿದರೆ ಆಲೆಮನೆಗಳ ಬೆಲ್ಲದ ವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ಕೆ.ಆರ್. ಪೇಟೆಯಲ್ಲಿ ಇಳಿದು ಕಾಫಿ. ಆ ಕಾಫಿ ಅಷ್ಟೇನೂ ಚೆನ್ನಾಗಿರಲಿಲ್ಲ, ಆದರೆ ಇವತ್ತು ಎಲ್ಲಿ ಕುಡಿದರೂ ಅದೇ ಬೇಕು ಅನ್ನಿಸುತ್ತದೆ.

ಮೇಷ್ಟ್ರು ಮೇಲುಕೋಟೆ ಕಡೆಯವರು, ನಿವೃತ್ತಿಗೆ ಹತ್ತಿರವಾಗಿದ್ದವರು. ಮೆತ್ತಗೆ ಮಾತಾಡುತ್ತಲೇ ಮಾನ ಕಳೆಯುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರದ್ದೊಂದು ಪದ್ಧತಿ ಇತ್ತು. ರೋಗಿಯ ಚೀಟಿಯ ಹಿಂದೆ ಎಡಗಡೆ, ರೋಗಿ ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆಯಬೇಕು. ತಿದ್ದಬಾರದು, ಇಂಗ್ಲಿಷಿಗೆ ತಿರುಗಿಸಬಾರದು. ಬಲಗಡೆ, ಅದಕ್ಕೆ ಏನೇನು ಕಾರಣವಿರಬಹುದು ಎಂಬ ಪಟ್ಟಿ. ದೊಡ್ಡವರು ಡಿಫರೆನ್ಷಿಯಲ್ ಎನ್ನುವುದು ಇದನ್ನೇ. "ಎಡಗಡೆ ಸರಿಯಿಲ್ದಿದ್ರೆ ಬಲಗಡೆ ಎಷ್ಟು ಬುದ್ಧಿ ಖರ್ಚು ಮಾಡಿದ್ರೂ ದಂಡ" ಎನ್ನುತ್ತಿದ್ದರು.

ಆ ಹೆಂಗಸು ಮೊದಲ ಸಲ ಬಂದಾಗ ಮಾತಾಡಿಸುವ ಸರದಿ ನನ್ನದು. ವಯಸ್ಸು ನಲವತ್ತೈದರ ಆಸುಪಾಸು. ಹತ್ತಿರದ ಹಳ್ಳಿಯವರು, ಡೈರಿಗೆ ಹಾಲು ಹಾಕುವ ಮನೆ. ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ನನ್ನಿಂದ ಒಂದು ಮಾರು ದೂರದಲ್ಲೇ ಕುಳಿತರು.

"ಅಬ್ಬ ಆದಾಗಿಂದ ಸಂಜೆ ಆಯ್ತಿದ್ದಂಗೆ ಮೈ ಕಾಯ್ತದೆ ಕಣವ್ವ. ರಾತ್ರಿಯೆಲ್ಲ ಬೆವ್ರು, ನೀರ್ಗೆ ಅದ್ದಿ ತೆಗ್ದಂಗೆ. ಒಂದ್ವಾರ ಸುಮ್ಕಿರ್ತದೆ, ತಿರ್ಗ ಬತ್ತದೆ. ಸೊಂಟದ ಕೆಳ್ಗೆ ಹಿಡ್ಕಂಡದೆ, ಬಗ್ಗಕ್ಕಾಗಲ್ಲ. ಆಗೊಂದು ಈಗೊಂದು ಕೆಮ್ಮು."

ಗೌರಿ ಹಬ್ಬ ಕಳೆದು ಎರಡು ತಿಂಗಳಾಗಿತ್ತು. ಮೈ ಇಳಿದುಹೋಗಿತ್ತು. ನಾನು ಎಲ್ಲ ಬರೆದುಕೊಂಡೆ. ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿದಾಗ ಅವರು ಸೆರಗು ಸರಿಸಲಿಲ್ಲ, ಕಣ್ಣು ಮಾತ್ರ ತುಂಬಿಕೊಂಡಿತು. ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಕೂಸಿಗೆ ಒಂದೂವರೆ ತಿಂಗಳು. ಇದು ಟೀಬಿ ಇರಬಹುದು ಎಂದು ಊರಲ್ಲಿ ಯಾರೋ ಅಂದಿದ್ದೇ ತಡ, ಮಗಳ ಅತ್ತೆ ಫೋನು ಮಾಡಿ, ಕೂಸನ್ನು ಅಜ್ಜಿಯ ಕೈಗೆ ಕೊಡಕೂಡದು ಎಂದು ಅಪ್ಪಣೆ ಮಾಡಿದ್ದರು. ಇವರ ತಟ್ಟೆ ಲೋಟ ಬೇರೆಯಾಗಿತ್ತು, ಹಾಸಿಗೆ ಕೊಟ್ಟಿಗೆಯ ಪಕ್ಕದ ಜಗಲಿಗೆ ಹೋಗಿತ್ತು.

"ನನ್ ರೋಗ ಆಳಾಗೋಗ್ಲಿ. ಮಗೀನ ಎತ್ಕೊಬೋದಾ ಏಳು."

ಮಾತು ತಿರುಗಿಸಲು ಹಸುಗಳ ಸುದ್ದಿ ಎತ್ತಿದೆ.

"ಎಲ್ಡವೆ. ಒಂದು ಅಬ್ಬುಕ್ಕೆ ಮುಂಚೆ ಕಂದಾಕ್ಬುಡ್ತು."

"ಓ, ಒಳ್ಳೇದಾಯ್ತಲ್ಲ ಅಮ್ಮ!" ಎಂದೆ, ನಗುನಗುತ್ತ. ಅವರು ನನ್ನನ್ನು ಒಂದು ಥರ ನೋಡಿದರು. ನಾನು ಎಡಗಡೆಯಲ್ಲಿ ಅಚ್ಚುಕಟ್ಟಾಗಿ ಬರೆದೆ: ಹಸು ಕರು ಹಾಕಿದೆ.

ಮೇಷ್ಟ್ರು ಚೀಟಿ ನೋಡಿ ಮೊದಲು ಎಲ್ಲವನ್ನೂ ಒಂದೇ ವಾಕ್ಯಕ್ಕೆ ಇಳಿಸು ಎಂದರು. ತಡವರಿಸಿ ಇಳಿಸಿದೆ: ನಡುವಯಸ್ಸಿನ ರೈತ ಹೆಂಗಸು, ಎರಡು ತಿಂಗಳಿಂದ ಬಂದು ಹೋಗುವ ಸಂಜೆ ಜ್ವರ, ರಾತ್ರಿ ಬೆವರು, ಸೊಂಟನೋವು, ತೂಕ ಇಳಿದಿದೆ. "ಈಗ ಪಟ್ಟಿ ಮಾಡು. ನಮ್ಮ ಊರುಗಳಲ್ಲಿ ಹೆಚ್ಚಾಗಿ ಕಾಣೋದು ಯಾವುದು? ಅಪರೂಪವಾದ್ರೂ ತಪ್ಪಿಸಿಕೊಂಡ್ರೆ ಜೀವ ತೆಗೆಯೋದು ಯಾವುದು? ಎರಡನ್ನೂ ಬರಿ." ಕ್ಷಯ ಮೊದಲು ಬಂತು, ಎದೆಯದ್ದೋ ಬೆನ್ನುಮೂಳೆಯದ್ದೋ. ಟೈಫಾಯ್ಡ್, ಮಲೇರಿಯಾ. ಹೃದಯದ ಕವಾಟಕ್ಕೆ ಸೋಂಕು ಹತ್ತಿದರೂ ಹೀಗೇ ದಿನಗಟ್ಟಲೆ ಜ್ವರ ಎಂದು ಅವರೇ ಸೇರಿಸಿದರು. ಕೀಲುವಾತ, ರಕ್ತದ ಕ್ಯಾನ್ಸರುಗಳು.

"ಈಗ ಒಂದೊಂದು ರೋಗಾನೂ ಎದುರಿಗೆ ನಿಲ್ಲಿಸಿ ಕೇಳು. ನೀನೇ ಆಗಿದ್ರೆ ಇನ್ನೇನಿರಬೇಕಿತ್ತು? ಏನು ಇರಬಾರದಿತ್ತು?" ಹೃದಯಕ್ಕೆ ಕಿವಿಗೊಟ್ಟರು, ಅಸಹಜ ಸದ್ದಿರಲಿಲ್ಲ. ಹೊಟ್ಟೆ ಮುಟ್ಟಿದರು, ಎಡ ಪಕ್ಕೆಲುಬಿನ ಕೆಳಗೆ ಗುಲ್ಮ, ಅಂದರೆ ಸ್ಪ್ಲೀನ್, ಊದಿ ಒಂದು ಬೆರಳಿನಷ್ಟು ಕೈಗೆ ಸಿಕ್ಕಿತು. ನೋವು ಬೆನ್ನುಮೂಳೆಯ ಮೇಲಿರಲಿಲ್ಲ, ಪಕ್ಕಕ್ಕೆ, ಸೊಂಟ ಕೂಡುವ ಕೀಲಿನ ಮೇಲಿತ್ತು. ರಕ್ತ, ಕಫ, ಎಕ್ಸರೇ ಬರೆದುಕೊಟ್ಟರು. ಯಾವ ಪರೀಕ್ಷೆ ಬರೆದರೂ, ಫಲಿತಾಂಶದಿಂದ ಪಟ್ಟಿಯಲ್ಲಿ ಏನು ಮೇಲಕ್ಕೆ ಹೋಗುತ್ತದೆ, ಏನು ಕೆಳಕ್ಕೆ ಬರುತ್ತದೆ ಎಂದು ಮೊದಲೇ ಹೇಳಬೇಕು, ಹೇಳಲಾಗದಿದ್ದರೆ ಬರೆಯಬಾರದು ಎಂಬುದು ಅವರ ಹಟ.

ಮುಂದಿನ ಶನಿವಾರ ವರದಿಗಳು ಬಂದವು. ಕಫದಲ್ಲಿ ಏನಿಲ್ಲ, ಎದೆಯ ಎಕ್ಸರೇ ಚೊಕ್ಕ. ಬೆನ್ನುಮೂಳೆ ಸವೆದಿರಲಿಲ್ಲ. ಮಲೇರಿಯಾ ಇಲ್ಲ, ರಕ್ತದಲ್ಲಿ ಟೈಫಾಯ್ಡ್ ಬೆಳೆದಿಲ್ಲ, ರಕ್ತಕಣಗಳೂ ನೆಟ್ಟಗಿದ್ದವು. ಆದರೂ ನನಗೆ ಕ್ಷಯವೇ ಅನ್ನಿಸುತ್ತಿತ್ತು. ಸಂಜೆ ಜ್ವರ, ಬೆವರು, ತೂಕ, ಇನ್ನೇನು ಬೇಕು? "ಸರ್, ಹೇಗೂ ಟೀಬಿ ಮಾತ್ರೆ ಶುರು ಮಾಡಿ ನೋಡಬಹುದಲ್ಲ?" ಎಂದೆ.

"ಏನಮ್ಮ, ಮದುವೆಯಾಗಿದೆಯಾ ನಿನಗೂ ಆ ಟೀಬಿಗೂ? ಬಿಟ್ಟು ಬರೋಕೇ ಆಗ್ತಿಲ್ವಲ್ಲ" ಎಂದರು. ಹಿಂದಿದ್ದ ಮೂವರು ಕಿಸಕ್ಕೆಂದರು. ನನಗೆ ಅಳು ಬಂತು. ಆಮೇಲೆ ಅವರೇ ಕೂರಿಸಿ ವಿವರಿಸಿದರು. ಮೊದಲು ಹೊಳೆದ ರೋಗಕ್ಕೆ ಮನಸ್ಸು ಅಂಟಿಕೊಳ್ಳುತ್ತದೆ, ಆಮೇಲೆ ಕಂಡದ್ದೆಲ್ಲ ಅದಕ್ಕೇ ಸಾಕ್ಷಿಯಾಗಿ ಕಾಣುತ್ತದೆ. ಟೀಬಿ ಮಾತ್ರೆಗಳಲ್ಲಿ ಒಂದು ಬೇರೆ ಕೆಲವು ಸೋಂಕುಗಳಿಗೂ ಅಷ್ಟಿಷ್ಟು ನಾಟುತ್ತದೆ. ಜ್ವರ ಅರೆಬರೆ ಇಳಿದರೆ ಎಲ್ಲರೂ ಅದೇ ಎಂದು ನಂಬಿಕೊಂಡು ಕುಳಿತುಬಿಡುತ್ತೇವೆ, ನಿಜವಾದ ರೋಗ ಅಡಗಿಕೊಳ್ಳುತ್ತದೆ. "ಆಕೆ ಉಸಿರಾಡ್ತಿದಾಳೆ, ನಡೀತಿದಾಳೆ. ಒಂದು ವಾರ ಕಾಯೋದಕ್ಕೆ ಆಗುತ್ತೆ. ಪಟ್ಟಿ ನಿಂತುಹೋದ್ರೆ ಬಲಗಡೆ ನೋಡಬೇಡ, ಎಡಗಡೆಗೆ ವಾಪಸ್ ಹೋಗು. ಮುಂದಿನ ಶನಿವಾರ ಎಲ್ಲ ಮೊದಲಿಂದ ಕೇಳು, ಏನೂ ಗೊತ್ತಿಲ್ಲದವಳ ಥರ."

ಮೂರನೇ ಶನಿವಾರ ಆ ಹೆಂಗಸು ಮತ್ತೆ ಬಂದರು. ಸೋಮವಾರ ಅಳಿಯನ ಮನೆಯವರು ನಾಗಮಂಗಲದ ಕಡೆಯಿಂದ ಕಾರು ಮಾಡಿಕೊಂಡು ಬಂದು ಮಗಳನ್ನೂ ಕೂಸನ್ನೂ ಕರೆದುಕೊಂಡು ಹೋಗಿದ್ದರಂತೆ. ಮೂರು ತಿಂಗಳ ಬಾಣಂತನ ಅರ್ಧಕ್ಕೇ ಮುಗಿದಿತ್ತು. ಕೂಸನ್ನು ಕಾರಿನ ಗಾಜಿನೊಳಗಿಂದ ತೋರಿಸಿದರಂತೆ. ಅದನ್ನು ಹೇಳುವಾಗ ಅವರು ಅಳಲಿಲ್ಲ. ನನಗೆ ಅದೇ ಹೆಚ್ಚು ಸಂಕಟವಾಯಿತು.

ಮೇಷ್ಟ್ರು ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದರು. ನಾನು ಮೊದಲಿಂದ ಶುರು ಮಾಡಿದೆ. ಹಸುವಿನ ಹತ್ತಿರ ಬಂದಾಗ, ಸ್ವಲ್ಪ ನಗಿಸೋಣ ಎಂದು, "ಕರು ಹೇಗಿದೆ ಅಮ್ಮ?" ಎಂದೆ.

"ಯಾವ್ ಕರ? ಕಂದಾಕ್ತು ಅಂತ ಅವತ್ತೇ ಏಳ್ನಲ್ಲವ್ವ! ನೀನ್ ಬ್ಯಾರೆ ಒಳ್ಳೇದಾಯ್ತು ಅಂದ್ಬುಟ್ಟೆ."

ಮೇಷ್ಟ್ರ ಪೆನ್ನು ನಿಂತಿತು. ಕಂದು ಹಾಕುವುದೆಂದರೆ ದಿನ ತುಂಬುವ ಮೊದಲೇ ಹಸುವಿನ ಗರ್ಭ ಬಿದ್ದುಹೋಗುವುದು. ಮಂಡ್ಯ ಸೀಮೆಯ ಹಟ್ಟಿಯ ಮಕ್ಕಳಿಗೂ ಗೊತ್ತಿರುವ ಮಾತು. ನನಗೆ ಮಾತ್ರ ಕಂದಿಗೂ ಕರುವಿಗೂ ವ್ಯತ್ಯಾಸ ತಿಳಿದಿರಲಿಲ್ಲ.

"ಕಸ ತಾನಾಗೇ ಬಿತ್ತಾ?" ಮೇಷ್ಟ್ರು ಕೇಳಿದರು. ಕಸ ಎಂದರೆ ಕರುವಿನ ಹಿಂದೆ ಬೀಳುವ ಮಾಸು ಎಂದು ನನಗೆ ಆಮೇಲೆ ತಿಳಿಯಿತು.

"ಎಲ್ ಬಿತ್ತು ಬುದ್ಧಿ? ಡಾಕ್ಟ್ರು ಬರೋದು ತಡ ಆಯ್ತು. ನಾನೇ ಕೈಯಾಕಿ ತಗ್ದೆ."

ಅವರು ಅಂಗೈ ಚಾಚಿದರು. ಹುಲ್ಲು ಕೊಯ್ದು ಸೀಳಿದ ಗೆರೆಗಳು ತುಂಬಿದ್ದ ಕೈ. ಮೇಷ್ಟ್ರು ಪಟ್ಟಿಯ ತುದಿಯಲ್ಲಿ ಒಂದು ಹೆಸರು ಬರೆದು, ಬಾಣದ ಗುರುತು ಹಾಕಿ ಮೇಲಕ್ಕೆ ಏರಿಸಿದರು: ಬ್ರುಸೆಲ್ಲೋಸಿಸ್. ದನಗಳಿಗೆ ಕಂದು ಹಾಕಿಸುವ ರೋಗಾಣು ಸೀಳಿದ ಚರ್ಮದಿಂದ, ಇಲ್ಲವೇ ಕಾಯಿಸದ ಹಾಲಿನಿಂದ ಮನುಷ್ಯರಿಗೆ ಬರುತ್ತದೆ. ಬಂದು ಹೋಗುವ ಜ್ವರ, ಬೆವರು, ಸೊಂಟದ ಕೀಲು, ಊದಿದ ಗುಲ್ಮ, ಎಲ್ಲವೂ ಒಂದೇ ದಾರದಲ್ಲಿ ಕೂತವು. "ಟೀಬಿ ಹೊಡೆದುಹಾಕಬೇಡ, ಕೆಳಗಿಳಿಸು" ಎಂದರು. "ಚಿಕಿತ್ಸೆಗೆ ಬಗ್ಗದಿದ್ರೆ ಮತ್ತೆ ಅದನ್ನ ನೋಡ್ಬೇಕಾಗುತ್ತೆ." ಬ್ರುಸೆಲ್ಲೋಸಿಸ್‌ಗೆಂದೇ ಇರುವ ರಕ್ತಪರೀಕ್ಷೆಗೆ ಕಳಿಸಿದರು.

ವ್ಯಾನಿನಲ್ಲಿ ಬಯ್ಯುತ್ತಾರೆಂದು ಕಾದೆ. ಬಯ್ಯಲಿಲ್ಲ. ಪಾಂಡವಪುರ ಬರುವ ಹೊತ್ತಿಗೆ ತಿರುಗಿ ನೋಡಿ, "ಅವರ ಮಾತನ್ನೇ ಬರೆದಿದ್ರೆ ನಾನು ಅವತ್ತೇ ಓದ್ತಿದ್ದೆ" ಎಂದರು, ಅಷ್ಟೇ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ನಾಲ್ಕನೇ ಶನಿವಾರ ಫಲಿತಾಂಶ ನಮ್ಮ ಅನುಮಾನದಂತೆಯೇ ಬಂತು. ಎರಡು ಬಗೆಯ ಮಾತ್ರೆ, ಆರು ವಾರ, ಒಂದು ದಿನವೂ ಬಿಡುವಂತಿಲ್ಲ. ಹಸುಗಳನ್ನು ಪಶುವೈದ್ಯರಿಗೆ ತೋರಿಸಬೇಕು, ಹಾಲು ಕಾಯಿಸದೆ ಕುಡಿಯಬಾರದು, ಇನ್ನು ಮುಂದೆ ಕಸಕ್ಕೆ ಬರಿಗೈ ಹಾಕಬಾರದು. ಮೇಷ್ಟ್ರು ಇಷ್ಟು ಹೇಳಿ ನನ್ನ ಕಡೆ ನೋಡಿದರು. ಉಳಿದದ್ದು ನನ್ನ ಪಾಲಿಗೆ.

"ಅಮ್ಮ, ನೀವು ಅವತ್ತೇ ಹೇಳಿದ್ರಿ. ನಾನು ತಪ್ಪಾಗಿ ಬರ್ಕೊಂಡೆ. ಇದು ಎತ್ಕೊಂಡ್ರೆ, ಮುದ್ದಾಡಿದ್ರೆ ಮಗೂಗೆ ಅಂಟೋ ಕಾಯಿಲೆ ಅಲ್ಲ" ಎಂದೆ.

ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅವರು ಸೊಂಟದಿಂದ ಫೋನು ತೆಗೆದು, ಒಂದು ನಂಬರು ಒತ್ತಿ, ನನ್ನ ಕೈಗೆ ಕೊಟ್ಟರು.

"ನನ್ನ ಮಾತ್ ಕೇಳಕ್ಕಿಲ್ಲ ಅವ್ರು. ನೀನೇ ಏಳು. ಸರ್ಯಾಗೇಳು ಈ ಸಲ."

ಆ ಕಡೆ ಮಗಳ ಅತ್ತೆ. ಹೇಳಿದೆ. ಏನು ರೋಗ, ಎಲ್ಲಿಂದ ಬಂತು, ಯಾಕೆ ಕೂಸಿಗೆ ಭಯವಿಲ್ಲ, ಎಲ್ಲವನ್ನೂ, ಕಂದು ಹಾಕಿದ್ದು ಎಂಬ ಮಾತನ್ನೇ ಬಳಸಿ ಹೇಳಿದೆ. ಆಕೆ ಕೊನೆಗೆ, "ನೀವ್ ಡಾಕ್ಟ್ರಮ್ಮನಾ?" ಎಂದರು.

"ಇನ್ನೂ ಇಲ್ಲ, ಓದ್ತಾ ಇದ್ದೀನಿ. ಹೇಳಿದ್ದು ನಿಜ, ನಮ್ಮ ಮೇಷ್ಟ್ರು ಇಲ್ಲೇ ಇದ್ದಾರೆ, ಬೇಕಾದ್ರೆ ಕೇಳಿ."

"ಬ್ಯಾಡ ಬುಡವ್ವ" ಎಂದರು. ಹಿಂದೆ ಕೂಸಿನ ಅಳು ಕೇಳಿಸುತ್ತಿತ್ತು. "ಭಾನ್ವಾರ ಕರ್ಕೊಂಡ್ ಬತ್ತೀವಿ ಅನ್ನು. ಮಗ ಅಳ್ತಾದೆ, ಅವ್ರಿಗೆ ಕೊಡು ಫೋನು" ಎಂದರು.

ಕೊಟ್ಟೆ. ಆಕೆ ಅದನ್ನು ಕಿವಿಗೆ ಒತ್ತಿ ಹಿಡಿದು, ಬಾಯಿಗೆ ಅಡ್ಡವಿದ್ದ ಸೆರಗು ಜಾರಿದ್ದೂ ತಿಳಿಯದೆ, ಆ ಅಳು ನಿಲ್ಲುವವರೆಗೂ ಕೇಳುತ್ತ ನಿಂತಿದ್ದರು.