‘ತೊಂದರೆಯಾದರೆ ಬೇಡ’ ಎಂಬ ಎರಡು ಸಾಲು

ಸಿಂಗಪುರದ ಒಂದು ವಿಶ್ವವಿದ್ಯಾಲಯದ ಲೈಬ್ರರಿಯ ಮೂರನೇ ಮಹಡಿಯಲ್ಲಿ ನನ್ನದೊಂದು ಮೇಜು. ವಿದ್ಯಾರ್ಥಿಗಳು ಅರ್ಧ ಗಂಟೆ ಬುಕ್ ಮಾಡಿಕೊಂಡು ಬರುತ್ತಾರೆ, ಇಂಗ್ಲಿಷಿನಲ್ಲಿ ಬರೆದದ್ದನ್ನು ನನ್ನ ಮುಂದಿಡುತ್ತಾರೆ, ತಪ್ಪು ಎಲ್ಲಿದೆ ಎಂದು ನಾನು ತೋರಿಸುತ್ತೇನೆ. ತಿದ್ದುವುದು ಅವರ ಕೆಲಸ. ಅವರ ಕೀಬೋರ್ಡನ್ನು ನಾನು ಮುಟ್ಟಬಾರದು ಎನ್ನುವುದು ಇಲ್ಲಿಯ ನಿಯಮ. ಹನ್ನೊಂದು ವರ್ಷದಿಂದ ಇದೇ ಕೆಲಸ. ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿದೆ. ಒಂದೇ ತಪ್ಪನ್ನು ಸಾವಿರ ಸಲ ನೋಡಿದರೆ ಕಣ್ಣಿಗೂ ಬೇಜಾರಾಗುತ್ತದೆ.

ಅವತ್ತು ಸೋಮವಾರ. ಊಟವಾದ ಮೇಲಿನ ಮೊದಲ ಸ್ಲಾಟಿಗೆ ಒಬ್ಬಳು ಹುಡುಗಿ ಬಂದಳು, ಇಂಜಿನಿಯರಿಂಗ್ ಕೊನೆಯ ವರ್ಷದವಳು. ಲ್ಯಾಪ್‌ಟಾಪ್ ತೆಗೆಯುವಷ್ಟರಲ್ಲಿ ಅವಳಿಗೆ ಫೋನ್ ಬಂತು. “ಪಪ್ಪಾ, ಆಮೇಲೆ ಮಾಡ್ತೀನಿ, ಈಗ ಬಿಜಿ ಲಾ” ಅಂದಳು. ಆ ‘ಲಾ’ ಸಿಂಗಪುರದ್ದು, ಉಳಿದದ್ದು ನಮ್ಮದು. ನಾನು ಕನ್ನಡದಲ್ಲಿ ಮಾತಾಡಿಸಿದೆ. ಉಡುಪಿ ಕಡೆಯವರು, ಅಪ್ಪ ಜುರಾಂಗ್ ಐಲ್ಯಾಂಡಿನ ತೈಲ ಕಾರ್ಖಾನೆಯಲ್ಲಿ ಇಂಜಿನಿಯರ್. ಎರಡೇ ನಿಮಿಷದಲ್ಲಿ ನಾನು ಅವಳಿಗೆ ‘ಆಂಟಿ’ಯಾದೆ. ನನ್ನ ಬುದ್ಧಿ ಕೆಟ್ಟದ್ದು ಅಲ್ಲಿಂದಲೇ.

ಅವಳು ತಂದಿದ್ದು ಏಳು ಸಾಲಿನ ಒಂದು ಇಮೇಲ್. ಒಂದು ಪ್ರಯೋಗಾಲಯದಲ್ಲಿ ಸಂಶೋಧನಾ ಸಹಾಯಕಿಯ ಕೆಲಸಕ್ಕೆ ಅವಳು ಅರ್ಜಿ ಹಾಕಬೇಕಿತ್ತು. ನೀರು ಶುದ್ಧೀಕರಣದ ಬಗ್ಗೆ ಹಿಂದಿನ ಸೆಮಿಸ್ಟರಿನಲ್ಲಿ ಪಾಠ ಮಾಡಿದ್ದ ಪ್ರೊಫೆಸರಮ್ಮ ಒಂದು ಶಿಫಾರಸು ಪತ್ರ ಕೊಡಬೇಕು, ಅದು ಶುಕ್ರವಾರದೊಳಗೆ ತಲುಪಬೇಕು. ಪತ್ರ ಇಲ್ಲದಿದ್ದರೆ ಅರ್ಜಿಯೇ ಇಲ್ಲ.

“ಇನ್ನೊಬ್ರು ಸರ್ ಕೊಡ್ತೀನಿ ಅಂದಿದ್ರು ಆಂಟಿ, ಈಗ ರಜೆ ಮೇಲೆ ಹೋಗಿಬಿಟ್ಟಿದ್ದಾರೆ. ರಿಪ್ಲೈನೇ ಇಲ್ಲ. ಇವ್ರು ಬಿಟ್ರೆ ನಂಗೆ ಯಾರೂ ಇಲ್ಲ” ಅಂದಳು.

ಇಮೇಲ್ ಓದಿದೆ. ಮೊದಲಿಗೇ ‘ರೆಸ್ಪೆಕ್ಟೆಡ್ ಮ್ಯಾಡಮ್’. ಇಲ್ಲಿ ‘ಡಿಯರ್ ಪ್ರೊಫೆಸರ್’ ಎಂದು ಬರೆದು ಮುಂದೆ ಅವರ ಹೆಸರು ಹಾಕಿದರೆ ಮುಗಿಯಿತು. ಹಿಂದಿನ ಸೆಮಿಸ್ಟರಿನ ಮಾತಿಗೆ ‘ಐ ಆಮ್ ಹ್ಯಾವಿಂಗ್ ಯುವರ್ ಕ್ಲಾಸ್’ ಎಂದಿತ್ತು. ‘ಐ ಟುಕ್’ ಆಗಬೇಕು ಅಂದೆ. ‘ಡಿಸ್ಕಸ್ ಅಬೌಟ್’ನಲ್ಲಿ ‘ಅಬೌಟ್’ ತೆಗೆಸಿದೆ. ಕೊನೆಗೆ ನಮ್ಮೆಲ್ಲರ ಪ್ರೀತಿಯ ‘ಕೈಂಡ್ಲಿ ಡು ದ ನೀಡ್‌ಫುಲ್’. ಅಯ್ಯೋ ದೇವರೇ, ಅಂದೆ ಮನಸ್ಸಿನಲ್ಲಿ. ಅದನ್ನೂ ತೆಗೆಸಿದೆ.

ಇಷ್ಟರವರೆಗೆ ಎಲ್ಲ ಸರಿಯಾಗಿತ್ತು. ಆದರೆ ನಡುವೆ ಇನ್ನೊಂದು ಸಾಲಿತ್ತು: ‘ನಿಮ್ಮ ಪತ್ರ ನನಗೆ ತುಂಬಾ ಅಗತ್ಯ, ಬೇರೆ ಯಾರೂ ಇಲ್ಲ, ಶುಕ್ರವಾರದೊಳಗೆ ಕಳಿಸಿ.’ ಹೀಗೆ ಆಜ್ಞೆ ಮಾಡಬಾರದು, ‘ಕೊಡಲು ಸಾಧ್ಯವೇ’ ಎಂದು ಕೇಳು ಅಂದೆ. ಅವಳು ಟೈಪ್ ಮಾಡಿದಳು, ಅಳಿಸಿದಳು, ಮತ್ತೆ ಟೈಪ್ ಮಾಡಿದಳು. ಗೋಡೆಯ ಗಡಿಯಾರ ಓಡುತ್ತಿತ್ತು, ನನ್ನ ತಲೆ ಸಿಡಿಯುತ್ತಿತ್ತು. ನಮ್ಮವಳೇ ತಾನೇ ಎಂದುಕೊಂಡು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿಕೊಂಡೆ. ‘ಬೇರೆ ಯಾರೂ ಇಲ್ಲ’ ಎನ್ನುವುದನ್ನು ಅಳಿಸಿದೆ; ಗೋಗರೆದ ಹಾಗೆ ಕಾಣುತ್ತದೆ ಅಂದೆ. ಅದರ ಜಾಗದಲ್ಲಿ ನಾನೇ ಎರಡು ಸಾಲು ಹಾಕಿದೆ: ‘ನಿಮಗೆ ಬಿಡುವಿಲ್ಲದಿದ್ದರೆ ನನಗೆ ಪೂರ್ತಿ ಅರ್ಥವಾಗುತ್ತದೆ. ದಯವಿಟ್ಟು ಯಾವ ಒತ್ತಡವನ್ನೂ ತೆಗೆದುಕೊಳ್ಳಬೇಡಿ.’

ಇಂಗ್ಲಿಷಿನಲ್ಲಿ ಅದು ಬಹಳ ಚೆಂದ ಕೂತಿತ್ತು. ನನಗೇ ಹೆಮ್ಮೆ ಅನ್ನಿಸಿತು. ಹುಡುಗಿ ಒಂದು ಕ್ಷಣ ಸ್ಕ್ರೀನ್ ನೋಡಿದಳು. “ಸ್ವಲ್ಪ ಜಾಸ್ತಿ ಪೊಲೈಟ್ ಆಯ್ತಾ ಆಂಟಿ?” ಅಂದಳು. “ಪೊಲೈಟ್ ಜಾಸ್ತಿ ಆಗೋದು ಅಂತ ಇರಲ್ಲಮ್ಮ” ಅಂದೆ. ಅವಳು ಸೆಂಡ್ ಒತ್ತಿದಳು.

ಬುಧವಾರ ಬೆಳಿಗ್ಗೆ ಬುಕ್ ಮಾಡದೆಯೇ ಬಂದು ನಿಂತಳು. ಫೋನ್ ಚಾಚಿದಳು. ಪ್ರೊಫೆಸರಮ್ಮನ ಉತ್ತರ ಮೂರೇ ವಾಕ್ಯ: ಈ ವಾರ ನಿಜಕ್ಕೂ ಬಿಡುವಿಲ್ಲ. ಅರ್ಥ ಮಾಡಿಕೊಂಡದ್ದಕ್ಕೆ ಧನ್ಯವಾದ. ಒಳ್ಳೆಯದಾಗಲಿ.

ಎರಡು ಸಲ ಓದಿದೆ. ಪ್ರೊಫೆಸರಮ್ಮನದು ಏನೂ ತಪ್ಪಿರಲಿಲ್ಲ. ಬೇಡವಾದರೆ ಬಿಡಿ ಎಂದು ಬಾಗಿಲು ತೆರೆದಿಟ್ಟವಳು ನಾನು, ಅವರು ಆ ಬಾಗಿಲಲ್ಲೇ ಹೊರಗೆ ಹೋಗಿದ್ದರು.

ನಮ್ಮ ಗದಗಿನ ಕಡೆ ಯಾರ ಮನೆಗೆ ಹೋದರೂ ಮೊದಲು ಚಹಾ ಬೇಡ ಅನ್ನಬೇಕು. ಅವರು “ಅದ್ಹೆಂಗ ಆಗ್ತದ, ಕುಡೀರಿ” ಎಂದು ಹಟ ಹಿಡಿಯಬೇಕು. ಮೂರನೇ ಸಲಕ್ಕೆ ನಾವು “ಅರ್ಧ ಕಪ್ ಸಾಕ್ರಿ” ಎಂದು ಸೋಲಬೇಕು. ನಾನು ಬರೆದ ಆ ಎರಡು ಸಾಲು ಅಂಥ ‘ಬೇಡ’. ಇಂಗ್ಲಿಷ್ ಮಾತ್ರ ಒಳ್ಳೆಯದಾಗಿತ್ತು, ಒಳಗಿದ್ದದ್ದು ಗದಗಿನ ಪಡಸಾಲೆ. ಆ ಪ್ರೊಫೆಸರಮ್ಮ ಹಟ ಹಿಡಿಯುತ್ತಾರೆ ಎಂದು ನಾನು ಹೇಗೆ ನಂಬಿದೆನೋ! ನನ್ನ ಯಜಮಾನರೇ ಸಿಂಗಪುರದಲ್ಲಿ ಇಪ್ಪತ್ತು ವರ್ಷ ಕಳೆದ ಮೇಲೆ ಒತ್ತಾಯ ಮಾಡುವುದನ್ನು ಮರೆತಿದ್ದಾರೆ. ಸಂಜೆ “ಚಾ ಮಾಡ್ಲೇನು?” ಎಂದು ಕೇಳುತ್ತಾರೆ, ನಾನು “ಬ್ಯಾಡ ಬಿಡ್ರಿ” ಅನ್ನುತ್ತೇನೆ, ಅವರು ಒಂದೇ ಕಪ್ ಮಾಡಿಕೊಂಡು ಕುಡಿಯುತ್ತಾರೆ. ಅದನ್ನು ನೋಡುತ್ತ ನಾನು ಒಳಗೊಳಗೇ ಕುದಿಯುತ್ತೇನೆ.

“ತಪ್ಪು ನಂದೇ ಕಣಮ್ಮ. ಕೂತ್ಕೋ, ಇನ್ನೊಂದು ಮೇಲ್ ಬರೆದುಕೊಡ್ತೀನಿ” ಅಂದೆ.

“ಬೇಡ ಆಂಟಿ. ನಾನೇ ಬರೀತೀನಿ.”

ಅವಳ ‘ಬೇಡ’ ನಿಜವಾದ ಬೇಡವಾಗಿತ್ತು. ನಾನು ಕೈ ಕಟ್ಟಿ ಕೂತೆ. ಅವಳು ಫೋನಿನಲ್ಲೇ ಬರೆದು ತೋರಿಸಿದಳು: ‘ಒತ್ತಡ ಬೇಡ ಎಂದು ಬರೆದಿದ್ದೆ, ಕ್ಷಮಿಸಿ, ಅದು ನಿಜವಲ್ಲ. ಈ ಕೆಲಸ ನನಗೆ ಬಹಳ ಬೇಕು. ಪತ್ರ ಕೊಡುವವರು ಬೇರೆ ಯಾರೂ ಇಲ್ಲ. ನಿಮ್ಮ ಕ್ಲಾಸಿನಲ್ಲಿ ಫಿಲ್ಟರ್ ಪ್ರಾಜೆಕ್ಟ್ ಮಾಡಿದ್ದು ನಾನೇ. ಶುಕ್ರವಾರ ಕೊನೆಯ ದಿನ. ದಯವಿಟ್ಟು.’ ಇಂಗ್ಲಿಷಿನಲ್ಲಿ ಎರಡು ಕಡೆ ಕ್ರಿಯಾಪದ ತಪ್ಪಿತ್ತು. ತೋರಿಸಿದೆ, ಅವಳೇ ತಿದ್ದಿಕೊಂಡಳು. “ಬಯೋಡೇಟಾ ಲಗತ್ತಿಸು, ಅವರಿಗೆ ಬರೆಯೋಕೆ ಸುಲಭ ಆಗುತ್ತೆ” ಅಂದೆ. ಅದಕ್ಕಿಂತ ಹೆಚ್ಚು ಹೇಳುವ ಮುಖ ನನಗಿರಲಿಲ್ಲ.

ಆ ದಿನ ಬಂದ ಉಳಿದ ವಿದ್ಯಾರ್ಥಿಗಳು ಏನು ತೋರಿಸಿದರು ಎಂದು ಕೇಳಿದರೆ ನನಗೆ ನೆನಪಿಲ್ಲ. ನಾಲ್ಕು ಗಂಟೆಗೆ ಅವಳು ಓಡುತ್ತ ಬಂದಳು. ಪ್ರೊಫೆಸರಮ್ಮ ಉತ್ತರಿಸಿದ್ದರು: ‘ಇದನ್ನು ಮೊದಲೇ ಹೇಳಬೇಕಿತ್ತು. ನಾಳೆ ರಾತ್ರಿಯೊಳಗೆ ಪತ್ರ ಕಳಿಸುತ್ತೇನೆ.’ ನನ್ನ ಕಣ್ಣಲ್ಲಿ ನೀರು ಬಂತು, ನಾಚಿಕೆಯೇ ಇಲ್ಲದೆ.

ಹೊರಡುವಾಗ ಅವಳು ಮೇಜಿನ ಹತ್ತಿರ ಸ್ವಲ್ಪ ತಡೆದಳು. “ಬೇಜಾರು ಮಾಡ್ಕೋಬೇಡಿ ಆಂಟಿ. ನೀವು ಬರೆದಿದ್ದು ತುಂಬಾ ಚೆನ್ನಾಗಿತ್ತು. ಆದ್ರೆ ನಂಗೆ ಬೇಕು ಅಂತ ಅದ್ರಲ್ಲಿ ಎಲ್ಲೂ ಇರ್ಲಿಲ್ಲ.”

ಎಂಆರ್‌ಟಿ ರೈಲಿನಲ್ಲಿ ಸೀಟು ಸಿಗಲಿಲ್ಲ, ನಿಂತೇ ಬಂದೆ. ಮನೆಗೆ ಬಂದು ಚಪ್ಪಲಿ ಬಿಟ್ಟು ಸೋಫಾದ ಮೇಲೆ ಕುಸಿದೆ. ಅಡುಗೆಮನೆಯಿಂದ ಎಂದಿನ ಪ್ರಶ್ನೆ ಬಂತು: “ಚಾ ಮಾಡ್ಲೇನು?”

‘ಬ್ಯಾಡ ಬಿಡ್ರಿ’ ನಾಲಿಗೆಯ ತುದಿಗೆ ಬಂದಿತ್ತು.

“ಬೇಕ್ರಿ” ಅಂದೆ. “ತುಂಬ ಬೇಕು. ಒಂದ್ ಕಪ್ ಪೂರ್ತಿ.”

ಅವರು ಪಾತ್ರೆ ಕೈಯಲ್ಲಿ ಹಿಡಿದುಕೊಂಡೇ ಬಾಗಿಲಿಗೆ ಬಂದರು. “ಯಾಕ, ಮೈಯಾಗ ಆರಾಮಿಲ್ಲೇನು?” ಎಂದು ಗಾಬರಿಯಿಂದ ಕೇಳಿದರು.